ಜ್ವರಕ್ಕೆ ಮೊದಲು ಡ್ರಮ್ಮಿನೊಳಗೆ ನೋಡಿ

ರೋಹಿಣಿ ಮಳೆಗೆ ಇನ್ನು ಹೆಚ್ಚು ದಿನವಿಲ್ಲ. ಆಸ್ಪತ್ರೆಗಳಲ್ಲಿ ಡೆಂಗಿ ರೋಗಿಗಳ ಸಾಲು ಇನ್ನೂ ಬೆಳೆದಿಲ್ಲ, ಹೊಗೆ ಹಾಕುವ ಯಂತ್ರಗಳು ಗೋದಾಮಿನಿಂದ ಹೊರಬಂದಿಲ್ಲ, ಹಾಗಾಗಿ ಎಲ್ಲರೂ ನಿರಾಳವಾಗಿದ್ದಾರೆ. ಕಳವಳ ತರುವುದು ಈ ನಿರಾಳವೇ. ಜುಲೈ ತಿಂಗಳಲ್ಲಿ ಪತ್ರಿಕೆಯ ಮುಖಪುಟಕ್ಕೆ ಬರುವ ಜ್ವರದ ಅಂಕಿ ಹುಟ್ಟುವುದು ಜುಲೈನಲ್ಲಲ್ಲ. ಅದು ಈಗ, ಮನೆ ಮನೆಯ ಡ್ರಮ್ಮು, ತೊಟ್ಟಿ, ಸಂಪುಗಳ ಒಳಗೋಡೆಯ ಮೇಲೆ ಕೂತು ನೀರಿಗಾಗಿ ಕಾಯುತ್ತಿದೆ.

ಲೆಕ್ಕ ಹಾಕಿ ನೋಡೋಣ. ಮೇ 27ರಂದು ಒಂದು ಒಳ್ಳೆ ಮಳೆ ಬಂತೆಂದುಕೊಳ್ಳಿ. ಒಣಗಿ ಕೂತಿದ್ದ ಮೊಟ್ಟೆಗಳಿಗೆ ನೀರು ತಗುಲಿ ಒಂದೆರಡು ದಿನದೊಳಗೆ ಮರಿಹುಳುಗಳು ಹೊರಬರುತ್ತವೆ. ನಮ್ಮ ಮುಂಗಾರಿನ ಹವೆಯಲ್ಲಿ ಅವು ರೆಕ್ಕೆ ಬಂದ ಸೊಳ್ಳೆಯಾಗಲು ಎಂಟರಿಂದ ಹತ್ತು ದಿನ ಸಾಕು. ಅಂದರೆ ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಹೆಣ್ಣು ಸೊಳ್ಳೆ ರಕ್ತ ಹುಡುಕಿಕೊಂಡು ಹೊರಟಿರುತ್ತದೆ. ಆಗ ಅದೇ ಓಣಿಯಲ್ಲಿ ಡೆಂಗಿ ಜ್ವರ ಬಂದವರೊಬ್ಬರು ಮಲಗಿದ್ದು, ಅವರನ್ನು ಅದು ಕಚ್ಚಿದರೆ ವೈರಸ್ಸು ಸೊಳ್ಳೆಯ ಹೊಟ್ಟೆ ಸೇರುತ್ತದೆ. ಅಲ್ಲಿಂದ ಜೊಲ್ಲಿನ ಗ್ರಂಥಿಗೆ ತಲುಪಲು ಇನ್ನೊಂದು ಎಂಟು ಹತ್ತು ದಿನ. ಆಮೇಲೆ ಕಚ್ಚಿಸಿಕೊಂಡ ಆರೋಗ್ಯವಂತನಿಗೆ ಜ್ವರ ಬರಲು ನಾಲ್ಕರಿಂದ ಹತ್ತು ದಿನ. ಅವನು ಎರಡು ದಿನ ಮಾತ್ರೆ ನುಂಗಿ ನೋಡಿ, ಮೂರನೇ ದಿನ ರಕ್ತ ಪರೀಕ್ಷೆ ಮಾಡಿಸಿ, ಆ ಫಲಿತಾಂಶ ಜಿಲ್ಲಾ ಕಚೇರಿಯ ಪಟ್ಟಿಗೆ ಸೇರುವಷ್ಟರಲ್ಲಿ ಆರಿದ್ರಾ ಮಳೆ ಅರ್ಧ ಮುಗಿದಿರುತ್ತದೆ. ಮೊಟ್ಟೆ ಒಡೆದು ತಿಂಗಳ ಮೇಲಾಗಿರುತ್ತದೆ.

ಪ್ರಕರಣಗಳ ಸಂಖ್ಯೆ ನೋಡಿ ಕ್ರಮ ಕೈಗೊಳ್ಳುತ್ತೇವೆ ಎನ್ನುವ ಆಡಳಿತ ಯಾವಾಗಲೂ ಒಂದು ತಿಂಗಳು ಹಿಂದೆ ಬಿದ್ದಿರುವುದು ಈ ಕಾರಣಕ್ಕೆ. ಆ ತಿಂಗಳಲ್ಲಿ ಸೊಳ್ಳೆ ಇನ್ನೆರಡು ಪೀಳಿಗೆ ಬೆಳೆದಿರುತ್ತದೆ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಪಾಠ ಕಡಿಮೆಯಾಗಿಲ್ಲ. 2006ರಲ್ಲಿ ಚಿಕೂನ್‌ಗುನ್ಯ ಬಂದಾಗ ದೇಶದಲ್ಲೇ ಅತಿ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದದ್ದು ನಮ್ಮಲ್ಲಿ, ಏಳೂವರೆ ಲಕ್ಷಕ್ಕೂ ಮಿಗಿಲು. ಆ ವರ್ಷ ಇಡೀ ಮನೆಯವರೆಲ್ಲ ಒಟ್ಟಿಗೆ ಹಾಸಿಗೆ ಹಿಡಿದ, ಕೀಲು ಮಡಚಲಾಗದೆ ಗೋಡೆ ಹಿಡಿದು ನಡೆದ ನೆನಪು ಇನ್ನೂ ಅನೇಕ ಊರುಗಳಲ್ಲಿ ಮಾಸಿಲ್ಲ. 2024ರಲ್ಲಿ ಡೆಂಗಿ ಮೂವತ್ತು ಸಾವಿರ ದಾಟಿತು. ಆ ಸೆಪ್ಟೆಂಬರ್‌ನಲ್ಲಿ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಗೊತ್ತು ಮಾಡಿತು. ದಂಡದ ಆದೇಶ ಬಂದದ್ದು ಮಳೆಗಾಲ ಮುಕ್ಕಾಲು ಮುಗಿದ ಮೇಲೆ ಎಂಬುದನ್ನು ಗಮನಿಸಬೇಕು.

ಎರಡೂ ಜ್ವರಗಳನ್ನು ಹೊತ್ತು ತರುವುದು ಮುಖ್ಯವಾಗಿ ಒಂದೇ ಸೊಳ್ಳೆ, ಈಡಿಸ್ ಈಜಿಪ್ಟೈ. ಕಪ್ಪು ಮೈ, ಕಾಲಿನ ಮೇಲೆ ಬಿಳಿ ಪಟ್ಟೆ, ಹಗಲು ಹೊತ್ತಿನಲ್ಲಿ ಮೊಣಕಾಲಿನ ಕೆಳಗೆ ಕಚ್ಚುವ ಚಾಳಿ. ಇದರ ಬಗ್ಗೆ ಪೋಸ್ಟರುಗಳು ಹೇಳುವುದು ‘ನೀರು ನಿಲ್ಲಲು ಬಿಡಬೇಡಿ’ ಎಂದಷ್ಟೇ. ಹೇಳದೆ ಬಿಡುವ ಸಂಗತಿಯೊಂದಿದೆ, ಅದೇ ಎಲ್ಲಕ್ಕಿಂತ ಮುಖ್ಯ. ಈ ಸೊಳ್ಳೆ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ನೀರಿನ ಅಂಚಿಗಿಂತ ಒಂದಿಷ್ಟು ಮೇಲೆ, ಪಾತ್ರೆಯ ತೇವವಾದ ಒಳಗೋಡೆಗೆ ಒಂದೊಂದಾಗಿ ಅಂಟಿಸುತ್ತದೆ. ಒಂದು ಸಲಕ್ಕೆ ಸುಮಾರು ನೂರು ಮೊಟ್ಟೆ. ಅದನ್ನೂ ಒಂದೇ ಕಡೆ ಇಡುವುದಿಲ್ಲ. ಈ ಡ್ರಮ್ಮಿನಲ್ಲಿ ಇಪ್ಪತ್ತು, ಆ ಬಕೆಟ್ಟಿನಲ್ಲಿ ಮೂವತ್ತು ಎಂದು ಹಂಚುತ್ತ ಹೋಗುತ್ತದೆ. ಮೊಟ್ಟೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದ, ಬಣ್ಣ ಕಪ್ಪು. ಬಚ್ಚಲಿನ ಮಬ್ಬು ಬೆಳಕಿನಲ್ಲಿ ನೋಡಿದವರಿಗೆ ಅದು ಮಸಿಯೆಂದೋ ಕೊಳೆಯೆಂದೋ ಕಾಣುತ್ತದೆ.

ಅಂಟಿದ ಮೊಟ್ಟೆ ಒಣಗಿದರೆ ಸಾಯುವುದಿಲ್ಲ. ಆರು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಹಾಗೇ ಇರಬಲ್ಲದು. ಹೋದ ನವೆಂಬರಿನಲ್ಲಿ ಬರಿದು ಮಾಡಿ ಮಹಡಿಯ ಮೇಲೆ ಬಿಟ್ಟ ಬಕೆಟ್ಟು ಈ ಮೇ ತಿಂಗಳ ಮಳೆಗೆ ತುಂಬಿದರೆ, ಅದರೊಳಗೆ ಕಳೆದ ವರ್ಷದ ಮೊಟ್ಟೆಗಳೇ ಒಡೆಯುತ್ತವೆ. ಮೊದಲ ಮಳೆಯಾದ ಹತ್ತೇ ದಿನದಲ್ಲಿ ಎಲ್ಲಿಂದ ಬಂದವು ಇಷ್ಟು ಸೊಳ್ಳೆ ಎಂದು ಜನ ಅಚ್ಚರಿಪಡುತ್ತಾರಲ್ಲ, ಅವು ಎಲ್ಲಿಂದಲೂ ಬಂದವಲ್ಲ. ಇಲ್ಲೇ ಇದ್ದವು. ನೀರು ಚೆಲ್ಲಿದರೆ ಅರ್ಧ ಕೆಲಸವಷ್ಟೇ ಆಯಿತು, ಉಳಿದರ್ಧ ಗೋಡೆಯನ್ನು ಉಜ್ಜುವುದು. ನಮ್ಮ ಬಹುತೇಕ ಪ್ರಚಾರ ಆ ಮೊದಲರ್ಧದಲ್ಲೇ ನಿಂತುಬಿಡುತ್ತದೆ.

ಈ ಸೊಳ್ಳೆಯ ಬಾಳು ನಮ್ಮ ನಲ್ಲಿ ನೀರಿನ ಪಾಳಿಯೊಂದಿಗೆ ಹೇಗೆ ಹೊಂದಿಕೊಂಡಿದೆ ಎಂಬುದನ್ನು ವಿವರವಾಗಿ ನೋಡಬೇಕು. ಹುಬ್ಬಳ್ಳಿ–ಧಾರವಾಡದ ಹಲವು ಬಡಾವಣೆಗಳಲ್ಲಿ ವಾರಕ್ಕೊಮ್ಮೆ, ಎಂಟು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಅದಕ್ಕೂ ತಡವಾಗಿ ನೀರು ಬರುವುದು ಅಲ್ಲಿಯವರಿಗೆ ಹೊಸತಲ್ಲ. 2008ರ ಹೊತ್ತಿಗೆ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಕೊಡುವ ಪ್ರಾಯೋಗಿಕ ಯೋಜನೆ ಬಂತು. ಅದರ ಹೊರಗುಳಿದವರ ಮನೆಯಲ್ಲಿ ಬ್ಯಾರಲ್ಲು ಅಡುಗೆಮನೆಯಷ್ಟೇ ಅನಿವಾರ್ಯವಾಗಿ ಉಳಿಯಿತು. ಉತ್ತರ ಕರ್ನಾಟಕದ ಮತ್ತು ಬಯಲುಸೀಮೆಯ ಎಷ್ಟೋ ಊರುಗಳ ಸ್ಥಿತಿ ಇದೇ.

ಅಂಥ ಮನೆಯ 200 ಲೀಟರಿನ ಒಂದು ಬ್ಯಾರಲ್ಲನ್ನು ತೆಗೆದುಕೊಳ್ಳಿ. ನೀರು ಬಂದ ದಿನ ಅದು ಕಂಠಮಟ್ಟ ತುಂಬುತ್ತದೆ. ಮರುದಿನ ಎರಡು ಕೊಡ ತೆಗೆದಾಗ ಮೇಲಿನ ಗೋಡೆ ತೇವವಾಗಿ ತೆರೆದುಕೊಳ್ಳುತ್ತದೆ. ಸೊಳ್ಳೆಗೆ ಬೇಕಾದ್ದು ಅದೇ ಪಟ್ಟಿ. ದಿನದಿನಕ್ಕೂ ನೀರು ಇಳಿಯುತ್ತದೆ, ದಿನದಿನಕ್ಕೂ ಹೊಸ ತೇವದ ಪಟ್ಟಿ ಸಿಗುತ್ತದೆ, ಮೊಟ್ಟೆಗಳು ಗೋಡೆಯುದ್ದಕ್ಕೂ ಮೇಲಿಂದ ಕೆಳಗೆ ಅಂಟುತ್ತ ಹೋಗುತ್ತವೆ. ಎಂಟನೇ ದಿನ ಮತ್ತೆ ನೀರು ಬರುತ್ತದೆ. ತಳದಲ್ಲಿ ಇನ್ನೂ ಇಪ್ಪತ್ತು ಮೂವತ್ತು ಲೀಟರ್ ಉಳಿದಿರುತ್ತದೆ. ಅದನ್ನು ಯಾರು ಚೆಲ್ಲುತ್ತಾರೆ? ಅದರ ಮೇಲೆಯೇ ಪೈಪು ಹಾಕಿ ತುಂಬುತ್ತಾರೆ. ಗೋಡೆಯ ಮೇಲಿನ ಅಷ್ಟೂ ಮೊಟ್ಟೆಗಳು ಒಮ್ಮೆಲೇ ಮುಳುಗಿ ಒಡೆಯುತ್ತವೆ. ಮುಂದಿನ ಎಂಟು ದಿನ ಆ ಮರಿಗಳಿಗೆ ಯಾವ ಅಡಚಣೆಯೂ ಇಲ್ಲ. ನೀರು ತಳ ಕಾಣುವ ಹೊತ್ತಿಗೆ ಅವು ಕೋಶಾವಸ್ಥೆಗೆ ಬಂದು ತಳದ ಆ ಮೂವತ್ತು ಲೀಟರಿನಲ್ಲಿ ಸೇರಿರುತ್ತವೆ, ಅಥವಾ ಹಾರಿಹೋಗಿರುತ್ತವೆ.

ಎಂಟು ದಿನಕ್ಕೊಮ್ಮೆ ಬರುವ ನೀರು, ಎಂಟು ದಿನದಲ್ಲಿ ಮುಗಿಯುವ ಸೊಳ್ಳೆಯ ಬಾಲ್ಯ. ಆರೋಗ್ಯ ಇಲಾಖೆ ವಾರಕ್ಕೊಂದು ‘ಡ್ರೈ ಡೇ’ ಮಾಡಿ, ಎಲ್ಲ ಪಾತ್ರೆ ಖಾಲಿ ಮಾಡಿ ಒಣಗಿಸಿ ಎನ್ನುತ್ತದೆ. ಸಲಹೆ ಸರಿಯಾದದ್ದೇ. ಆದರೆ ಮುಂದೆ ನೀರು ಯಾವಾಗ ಬರುತ್ತದೆಂದು ವಾಲ್ವ್‌ಮನ್‌ನನ್ನು ಬಿಟ್ಟು ಯಾರಿಗೂ ಗೊತ್ತಿಲ್ಲದ ಓಣಿಯಲ್ಲಿ, ಶುಕ್ರವಾರ ಬಂತೆಂದು ಡ್ರಮ್ಮು ಬಗ್ಗಿಸುವ ತಾಯಿ ಸಿಗುವುದಿಲ್ಲ. ಅವಳನ್ನು ತಿಳಿವಳಿಕೆ ಇಲ್ಲದವಳು ಎನ್ನುವುದು ತಪ್ಪು. ಅವಳು ನೀರಿನ ಬೆಲೆ ಬಲ್ಲವಳು.

ಹಾಗಾದರೆ ಅವಳಿಗೆ ಹೇಳಬೇಕಾದದ್ದೇನು? ಡ್ರೈ ಡೇಯನ್ನು ವಾರದ ದಿನಕ್ಕೆ ಕಟ್ಟುವ ಬದಲು ನೀರು ಬರುವ ದಿನಕ್ಕೆ ಕಟ್ಟಿ ಎಂದು. ಪಾಳಿಯ ಹಿಂದಿನ ದಿನ ತಳದ ನೀರನ್ನು ಬಟ್ಟೆ ಒಗೆಯಲು, ಅಂಗಳ ಸಾರಿಸಲು ಬಳಸಿ ಮುಗಿಸಬೇಕು. ಕೊನೆಯ ನಾಲ್ಕು ಚೊಂಬು ನೀರಿನಲ್ಲಿ ಹುಳುಗಳಿದ್ದರೆ ಅದನ್ನು ಚರಂಡಿಗೆ ಸುರಿಯದೆ ಬಿಸಿಲು ಬೀಳುವ ಒಣ ಮಣ್ಣಿಗೆ ಚೆಲ್ಲಬೇಕು. ನಿಂತ ನೀರಿರುವ ಚರಂಡಿಯಲ್ಲಿ ಅವು ಬದುಕುಳಿಯಬಹುದು. ಆಮೇಲೆ ತೆಂಗಿನ ನಾರು ಅಥವಾ ಗಟ್ಟಿ ಬ್ರಷ್ಷು ತೆಗೆದುಕೊಂಡು, ಒಂದಿಷ್ಟು ಸೋಪಿನ ಪುಡಿ ಹಾಕಿ ಬಾಯಿಯಿಂದ ತಳದವರೆಗೆ ಒಳಗೋಡೆಯನ್ನು ಉಜ್ಜಬೇಕು. ಬಾಯಿಯ ಕೆಳಗಿನ ಒಂದು ಗೇಣು ಜಾಗ, ಬ್ಯಾರಲ್ಲಿನ ಸುತ್ತು ಏಣುಗಳ ಸಂದು, ಇವೆರಡನ್ನು ಬಿಡಲೇಬಾರದು. ಬರೀ ನೀರು ಎರಚಿ ತೊಳೆದರೆ ಮೊಟ್ಟೆ ಕಳಚುವುದಿಲ್ಲ. ಉಜ್ಜಿದ ನೀರನ್ನೂ ಮಣ್ಣಿಗೇ ಚೆಲ್ಲಿ, ಬ್ಯಾರಲ್ಲನ್ನು ಬೋರಲು ಹಾಕಬೇಕು. ಎರಡು ಬ್ಯಾರಲ್ಲಿದ್ದರೆ ಒಂದು ಪಾಳಿಗೆ ಒಂದನ್ನು, ಮುಂದಿನ ಪಾಳಿಗೆ ಇನ್ನೊಂದನ್ನು ಉಜ್ಜುತ್ತೇನೆಂದರೆ ಸೊಳ್ಳೆಗೆ ಹದಿನಾರು ದಿನ ಸಿಕ್ಕಿಬಿಡುತ್ತದೆ. ಎರಡನ್ನೂ ಪ್ರತಿ ಪಾಳಿಗೂ ಉಜ್ಜಬೇಕು. ನೀರು ರಾತ್ರಿ ಎರಡು ಗಂಟೆಗೆ ಬರುವ ಓಣಿಗಳಿವೆ. ಅಲ್ಲಿಯವರು ಈ ಕೆಲಸವನ್ನು ಹಿಂದಿನ ಸಂಜೆಯೇ ಮುಗಿಸಿಕೊಳ್ಳದೆ ಬೇರೆ ದಾರಿಯಿಲ್ಲ.

ತುಂಬಿದ ಮೇಲೆ ಮುಚ್ಚಬೇಕು. ಬ್ಯಾರಲ್ಲಿನ ಮೇಲೆ ಹಲಗೆಯನ್ನೋ ತಗಡನ್ನೋ ಇಡುವುದು ನಮ್ಮಲ್ಲಿ ರೂಢಿ. ಸಂದಿನಲ್ಲಿ ಬೆರಳು ತೂರುವಂತಿದ್ದರೆ ಸೊಳ್ಳೆಗೆ ಅದು ಹೆಬ್ಬಾಗಿಲು. ಅದಕ್ಕಿಂತ ಹಳೆ ಪಂಚೆಯನ್ನೋ ಸೀರೆಯ ತುಂಡನ್ನೋ ಎರಡು ಮಡಿಕೆ ಮಾಡಿ ಬಿಗಿಯಾಗಿ ಹೊದಿಸಿ, ಸೈಕಲ್ ಟ್ಯೂಬಿನಿಂದ ಕತ್ತರಿಸಿದ ರಬ್ಬರಿನಿಂದ ಸುತ್ತಲೂ ಕಟ್ಟುವುದು ಮೇಲು. ಬಟ್ಟೆ ನಡುವೆ ಜೋತುಬಿದ್ದು ನೀರಿಗೆ ತಾಗದಂತೆ ನೋಡಿಕೊಳ್ಳಬೇಕು. ತೊಯ್ದ ಬಟ್ಟೆ ಸೊಳ್ಳೆಗೆ ಇನ್ನೊಂದು ತೇವದ ಗೋಡೆ. ಇಲ್ಲಿ ತಪ್ಪುವುದು ಕಟ್ಟುವಾಗ ಅಲ್ಲ, ದಿನಕ್ಕೆ ಹತ್ತು ಸಲ ಬಿಚ್ಚುವಾಗ. ಬೆಳಿಗ್ಗೆ ಬಿಚ್ಚಿದ್ದು ಸಂಜೆಯವರೆಗೆ ತೆರೆದೇ ಇರುತ್ತದೆ. ಈಡಿಸ್ ಓಡಾಡುವುದೇ ಆ ಹಗಲಿನಲ್ಲಿ. ಬೆಳಿಗ್ಗೆ ಒಂದೇ ಸಲ ಬಿಚ್ಚಿ ದಿನಕ್ಕೆ ಬೇಕಾದಷ್ಟನ್ನು ಕೊಡಗಳಿಗೆ ತುಂಬಿಕೊಂಡು ಮತ್ತೆ ಕಟ್ಟಿಬಿಡುವ ಮನೆಗಳಲ್ಲಿ ಬ್ಯಾರಲ್ಲು ಶುದ್ಧವಾಗಿ ಉಳಿಯುತ್ತದೆ.

ಕಟ್ಟಿದ ಸಿಮೆಂಟು ತೊಟ್ಟಿ, ದನಗಳ ಕಲ್ಲುಬಾನಿ, ಬಳಸದ ಬಾವಿ ಇವನ್ನು ವಾರವಾರ ಬರಿದು ಮಾಡುವುದು ಆಗದ ಮಾತು. ದನದ ಬಾನಿಗೆ ಮತ್ತು ಬಾವಿಗೆ ಗಪ್ಪಿ ಮೀನು ಒಳ್ಳೆಯದು. ಆರೋಗ್ಯ ಇಲಾಖೆಯವರು ಅನೇಕ ಜಿಲ್ಲೆಗಳಲ್ಲಿ ಇವನ್ನು ಸಾಕಿ ಉಚಿತವಾಗಿ ಕೊಡುತ್ತಾರೆ. ಅವರು ಕೊಡುವ ಇನ್ನೊಂದು ಮೀನು ಗ್ಯಾಂಬೂಸಿಯಾ. ಅದನ್ನು ಕೆರೆ ಹಳ್ಳಗಳಿಗೆ ಬಿಡುವುದು ಬೇಡ. ಅದು ಅಲ್ಲಿನ ಊರ ಮೀನುಗಳ ಮರಿಗಳನ್ನೂ ಮೊಟ್ಟೆಗಳನ್ನೂ ಮುಗಿಸುತ್ತದೆ.

ಬಳಕೆಯ ನೀರಿನ ತೊಟ್ಟಿಗೆ ಟೆಮಿಫಾಸ್ ಎಂಬ ಲಾರ್ವಾನಾಶಕವನ್ನು ಇಲಾಖೆಯವರು ಹಾಕುತ್ತಾರೆ. ಶೇ 1ರ ಮರಳಿನಂಥ ಹರಳು ರೂಪದಲ್ಲಿದ್ದರೆ 10 ಲೀಟರಿಗೆ 1 ಗ್ರಾಂ, ಅಂದರೆ 200 ಲೀಟರಿಗೆ 20 ಗ್ರಾಂ. ಈ ಪ್ರಮಾಣದಲ್ಲಿ ಕುಡಿಯುವ ನೀರಿಗೂ ಇದನ್ನು ಹಾಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ. ಆದರೂ ವಾಸನೆ ಬರುತ್ತದೆಂದು ಕಾರ್ಯಕರ್ತೆ ಹೋದ ಮರುಗಳಿಗೆಯೇ ತೊಟ್ಟಿ ಚೆಲ್ಲುವವರಿದ್ದಾರೆ. ಇದರ ಮಿತಿಯನ್ನೂ ತಿಳಿದಿರಬೇಕು. ನೀರು ತೆಗೆದು ಮತ್ತೆ ತುಂಬಿದ ಹಾಗೆಲ್ಲ ಔಷಧ ತೆಳುವಾಗುತ್ತದೆ. ಜೊತೆಗೆ, ಕೋಶಾವಸ್ಥೆಗೆ ಬಂದ ಹುಳು ಏನನ್ನೂ ತಿನ್ನುವುದಿಲ್ಲವಾದ್ದರಿಂದ ಅದರ ಮೇಲೆ ಇಂಥ ಔಷಧದ ಪ್ರಭಾವ ತೀರಾ ಕಡಿಮೆ. ಔಷಧ ಹಾಕಿದ ಎರಡನೇ ದಿನವೂ ತೊಟ್ಟಿಯಿಂದ ಸೊಳ್ಳೆ ಎದ್ದರೆ ಅದು ಕೆಟ್ಟ ಔಷಧ ಎಂದಲ್ಲ, ಔಷಧ ತಡವಾಗಿ ಬಂತು ಎಂದರ್ಥ.

ಪರೀಕ್ಷೆಗೆ ಬೇಕಾದ್ದು ಒಂದು ಟಾರ್ಚು ಮಾತ್ರ. ಮೊಬೈಲಿನದಾದರೂ ಆಯಿತು. ಡ್ರಮ್ಮಿನ ಮೇಲೆ ನೆರಳು ಬಿದ್ದೊಡನೆ ಮರಿಗಳು ತಳಕ್ಕೆ ಇಳಿದುಬಿಡುತ್ತವೆ. ಆದ್ದರಿಂದ ಇಣುಕಿ ನೋಡಿ ಏನೂ ಇಲ್ಲ ಎಂದು ಹೊರಡಬಾರದು. ಅಲ್ಲಾಡದೆ ಎರಡು ಮೂರು ನಿಮಿಷ ನಿಂತರೆ ಉಸಿರಿಗಾಗಿ ಅವು ಮೇಲೆ ಬರಲೇಬೇಕು. ಬಾಲದ ತುದಿಯ ನಳಿಕೆಯನ್ನು ನೀರಿನ ಮೇಲ್ಮೈಗೆ ತಾಗಿಸಿ, ತಲೆ ಕೆಳಗಾಗಿ ಓರೆಯಾಗಿ ಜೋತುಬಿದ್ದದ್ದು ಈಡಿಸ್ ಇರಬಹುದು, ಚರಂಡಿಯ ಕ್ಯೂಲೆಕ್ಸ್ ಇರಬಹುದು. ಮೇಲ್ಮೈಗೆ ಅಡ್ಡಲಾಗಿ ಮಲಗಿದಂತೆ ತೇಲಿದರೆ ಅದು ಮಲೇರಿಯಾ ತರುವ ಅನಾಫಿಲಿಸ್ ವರ್ಗದ್ದು. ಅಲ್ಪವಿರಾಮ ಚಿಹ್ನೆಯ ಹಾಗೆ ಬಾಗಿ, ಮುಟ್ಟಿದರೆ ಲಾಗ ಹಾಕುತ್ತ ಇಳಿಯುವುದು ಕೋಶ. ಕೋಶ ಕಂಡರೆ ನಿಮ್ಮ ಕೈಯಲ್ಲಿರುವುದು ಹೆಚ್ಚೆಂದರೆ ಎರಡು ದಿನ. ಆ ನೀರನ್ನು ಅವತ್ತೇ ಮಣ್ಣಿಗೆ ಚೆಲ್ಲಬೇಕು, ಅದಾಗದಿದ್ದರೆ ಬಟ್ಟೆಯಲ್ಲಿ ಸೋಸಿ ಬೇರೆ ಪಾತ್ರೆಗೆ ತುಂಬಿಕೊಳ್ಳಬೇಕು.

ಮಳೆ ಹಿಡಿದ ಮೇಲೆ ಡ್ರಮ್ಮಿನ ಜೊತೆಗೆ ಅಂಗಳವೂ ಸೇರುತ್ತದೆ. ಮಿಕ್ಸರ್ ಬಂದ ಮೇಲೆ ಹಿತ್ತಲಿಗೆ ಹೋದ ಒರಳುಕಲ್ಲು, ಎಳನೀರ ಬುರುಡೆ, ಟೈರು, ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದಿನ ನೀರಿನ ಟ್ರೇ, ಸಜ್ಜಾದ ಮೇಲೆ ಎಲೆ ಕಟ್ಟಿಕೊಂಡು ನಿಂತ ನೀರು, ಈ ಪಟ್ಟಿ ಎಲ್ಲರಿಗೂ ಬಾಯಿಪಾಠವಾಗಿದೆ. ಕರಾವಳಿ ಮಲೆನಾಡಿನವರು ಇದಕ್ಕೆ ಅಡಕೆ ತೋಟದಲ್ಲಿ ಬಿದ್ದ ಹಾಳೆಗಳನ್ನೂ, ಟ್ಯಾಪಿಂಗ್ ನಿಂತ ಮೇಲೆ ರಬ್ಬರ್ ಮರಕ್ಕೆ ಕಟ್ಟಿದ ಹಾಗೇ ಉಳಿಯುವ ಬಟ್ಟಲುಗಳನ್ನೂ ಸೇರಿಸಿಕೊಳ್ಳಬೇಕು. ತೋಟದಲ್ಲಿ ಬೆಳೆಯುವುದು ಹೆಚ್ಚಾಗಿ ಈಜಿಪ್ಟೈಯ ದಾಯಾದಿ ಈಡಿಸ್ ಆಲ್ಬೊಪಿಕ್ಟಸ್. ಅದೂ ಇದೇ ಜ್ವರಗಳನ್ನು ತರಬಲ್ಲದು. ಬಟ್ಟಲು ಮಗುಚಿ ಇಡುವುದಕ್ಕೆ ಖರ್ಚಿಲ್ಲ. ನಗರಗಳಲ್ಲಿ ಇವೆಲ್ಲಕ್ಕಿಂತ ದೊಡ್ಡ ತಾಣ ಕಟ್ಟುತ್ತಿರುವ ಕಟ್ಟಡ. ಕ್ಯೂರಿಂಗ್‌ಗೆ ನಿಲ್ಲಿಸಿದ ನೀರು, ಲಿಫ್ಟಿನ ಗುಂಡಿ, ಕೂಲಿಕಾರರು ನೀರು ತುಂಬಿಡುವ ಇಟ್ಟಿಗೆ ತೊಟ್ಟಿ ಎಲ್ಲವೂ ಒಂದೇ ಕಡೆ ಇರುತ್ತವೆ. ಮಂಗಳೂರಿನಲ್ಲಿ ಮಲೇರಿಯಾ ದಶಕಗಳ ಕಾಲ ಬಿಡದೆ ಕಾಡಿದ್ದಕ್ಕೆ ಕಟ್ಟಡ ನಿರ್ಮಾಣದ ಜಾಗಗಳೂ ತಾರಸಿಯ ಮೇಲಿನ ಮುಚ್ಚಳವಿಲ್ಲದ ಟ್ಯಾಂಕುಗಳೂ ದೊಡ್ಡ ಕಾರಣವಾಗಿದ್ದವು. 2024ರ ದಂಡದ ಪಟ್ಟಿಯಲ್ಲಿ ನಿರ್ಮಾಣ ಸ್ಥಳಗಳಿಗೆ ನಗರದಲ್ಲಿ 2,000 ರೂಪಾಯಿ ಇದೆ. ಕೋಟಿಗಟ್ಟಲೆ ಸುರಿದು ಕಟ್ಟುವವನಿಗೆ ಅದು ಸಿಮೆಂಟು ಮೂಟೆ ಇಳಿಸುವ ಕೂಲಿಯಷ್ಟೂ ಅಲ್ಲ. ದಂಡಕ್ಕಿಂತ ಲಾರ್ವಾ ಕಂಡ ದಿನ ಕೆಲಸ ನಿಲ್ಲಿಸುವ ಅಧಿಕಾರ ಪಾಲಿಕೆಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಇಷ್ಟೆಲ್ಲ ಇದ್ದರೂ ಓಣಿಯಲ್ಲಿ ಎರಡು ಡೆಂಗಿ ಬಂದರೆ ಜನ ಕೇಳುವುದು ಒಂದೇ: ಹೊಗೆ ಹಾಕಿಸಿ, ಚರಂಡಿ ಹೂಳು ತೆಗೆಸಿ. ಕಾರ್ಪೊರೇಟರು ಮಾಡಿಸುವುದೂ ಅವೆರಡನ್ನೇ. ಎರಡೂ ಕಣ್ಣಿಗೆ ಕಾಣುವ ಕೆಲಸಗಳು. ಚರಂಡಿಯಲ್ಲಿ ಬೆಳೆಯುವುದು ರಾತ್ರಿ ಕಿವಿಯ ಬಳಿ ಗುಂಯ್‌ಗುಡುವ ಕ್ಯೂಲೆಕ್ಸ್. ಆನೆಕಾಲು ರೋಗ ಹರಡುವುದು ಅದು, ಡೆಂಗಿಯನ್ನಲ್ಲ. ಚರಂಡಿ ಸ್ವಚ್ಛ ಮಾಡಬೇಡಿ ಎಂದು ಯಾರೂ ಹೇಳುವುದಿಲ್ಲ, ಆದರೆ ಅದರಿಂದ ಡೆಂಗಿ ಇಳಿಯಲಿ ಎಂದು ಕಾಯುವುದು ದಂಡ. ಇನ್ನು ಹೊಗೆ. ಅದು ಕೊಲ್ಲುವುದು ಆ ಗಳಿಗೆಯಲ್ಲಿ ಹಾರುತ್ತಿರುವ, ಹನಿ ತಾಗಿದ ಸೊಳ್ಳೆಯನ್ನು ಮಾತ್ರ. ಈಡಿಸ್ ಆ ಹೊತ್ತಿಗೆ ಮನೆಯೊಳಗೆ ಪರದೆಯ ಹಿಂದೆ, ಮಂಚದ ಕೆಳಗೆ, ಗೂಟಕ್ಕೆ ನೇತುಹಾಕಿದ ಬಟ್ಟೆಗಳ ನಡುವೆ ಕೂತಿರುತ್ತದೆ. ನಾವು ಮಾಡುವುದೇನು? ಹೊಗೆ ಗಾಡಿಯ ಸದ್ದು ಕೇಳಿದೊಡನೆ ಕಿಟಕಿ ಬಾಗಿಲು ಹಾಕಿಕೊಳ್ಳುತ್ತೇವೆ. ಮೊಟ್ಟೆಗೂ ಮರಿಗೂ ಹೊಗೆ ತಾಗುವುದೇ ಇಲ್ಲ, ವಾರದಲ್ಲಿ ಸಂಖ್ಯೆ ಮತ್ತೆ ಮೊದಲಿನಂತಾಗುತ್ತದೆ. ರೋಗ ಕಾಣಿಸಿಕೊಂಡ ಮನೆಯ ಸುತ್ತ ಒಳಾಂಗಣದಲ್ಲಿ ಸಿಂಪಡಿಸುವುದಕ್ಕೆ ಒಂದು ಅರ್ಥವಿದೆ. ಬೀದಿಯುದ್ದಕ್ಕೂ ಹೊಗೆ ಬಿಡುತ್ತ ಹೋಗುವುದು ಬಹುಮಟ್ಟಿಗೆ ಜನರನ್ನು ಸಮಾಧಾನ ಮಾಡುವ ಮೆರವಣಿಗೆ.

ಸೊಳ್ಳೆಯ ಮೂಲ ಮನೆಯ ಬಳಿಯೇ ಇದೆ ಎಂಬುದು ಹೊಸ ಶೋಧವೇನಲ್ಲ. ಮಲೇರಿಯಾದ ಪರಾವಲಂಬಿಯನ್ನು ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಕಂಡುಹಿಡಿದು, ಆಮೇಲೆ ನೊಬೆಲ್ ಪಡೆದ ರೊನಾಲ್ಡ್ ರಾಸ್, 1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ. ತನ್ನ ಬಂಗಲೆಯಲ್ಲಿ ಸೊಳ್ಳೆ ಕಾಟ ವಿಪರೀತವಾದಾಗ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಮರಿಗಳು ಕುಲುಕಾಡುವುದನ್ನು ಕಂಡು ಅದನ್ನು ಬರಿದು ಮಾಡಿಸಿದ. ಸೊಳ್ಳೆ ಇಳಿಯಿತು. ಉಳಿದ ತೊಟ್ಟಿಗಳನ್ನೂ ಹೀಗೇ ಮಾಡೋಣ ಎಂದು ದಂಡಿನ ಅಧಿಕಾರಿಗೆ ಹೇಳಿದರೆ ಆತ ಒಪ್ಪಲಿಲ್ಲವೆಂದು ರಾಸ್ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಸುಮಾರು ನೂರ ನಲವತ್ತು ವರ್ಷ ಕಳೆದರೂ ಆ ಅಧಿಕಾರಿಯ ಸಂತತಿ ನಮ್ಮ ಕಚೇರಿಗಳಲ್ಲಿ ಕ್ಷೀಣಿಸಿಲ್ಲ.

ಈಡಿಸ್ ದೂರ ಹಾರುವ ಜೀವಿಯಲ್ಲ. ಹುಟ್ಟಿದ ಜಾಗದಿಂದ ನೂರು ಇನ್ನೂರು ಮೀಟರಿನೊಳಗೆ ಅದರ ಬದುಕು ಮುಗಿಯುತ್ತದೆ. ನಿಮ್ಮನ್ನು ಹಗಲಲ್ಲಿ ಕಚ್ಚಿದ ಸೊಳ್ಳೆ ನಿಮ್ಮ ಮನೆಯದ್ದು, ಇಲ್ಲವೇ ಆಚೀಚೆ ಐದಾರು ಮನೆಯದ್ದು. ಹೀಗಾಗಿ ಇಡೀ ಓಣಿ ಒಟ್ಟಿಗೆ ಉಜ್ಜದೆ ಒಂದು ಮನೆ ಮಾತ್ರ ಉಜ್ಜಿದರೆ ಫಲ ಅರ್ಧ. ನೀರು ಇಡೀ ಓಣಿಗೆ ಒಂದೇ ದಿನ ಬರುತ್ತದಾದ್ದರಿಂದ ಆ ದಿನವನ್ನು ಹಿಡಿದುಕೊಳ್ಳುವುದು ಸುಲಭ.

ಆಡಳಿತದಿಂದ ನಾವು ಕೇಳುವುದು ಎರಡೇ. ಮೊದಲನೆಯದು, ಜ್ವರದ ಅಂಕಿಗಿಂತ ಮೊದಲು ಲಾರ್ವಾದ ಅಂಕಿ ಪ್ರಕಟಿಸಿ. ಆಶಾ ಕಾರ್ಯಕರ್ತೆಯರು ಮನೆ ಮನೆ ಸುತ್ತಿ ಸಮೀಕ್ಷೆ ಮಾಡುತ್ತಾರೆ, ಅಂಕಿ ಕಚೇರಿಯ ಕಡತದಲ್ಲಿ ಉಳಿಯುತ್ತದೆ. ಉದಾಹರಣೆಗೆ ಒಂದು ವಾರ್ಡಿನಲ್ಲಿ 100 ಮನೆ ನೋಡಿದಾಗ 12 ಮನೆಗಳಲ್ಲಿ, ಒಟ್ಟು 23 ಪಾತ್ರೆಗಳಲ್ಲಿ ಲಾರ್ವಾ ಸಿಕ್ಕಿತೆನ್ನಿ. ಮನೆ ಸೂಚ್ಯಂಕ 12, ಬ್ರೆಟೋ ಸೂಚ್ಯಂಕ 23. ಮೊದಲನೆಯದು 5 ದಾಟಿದರೆ, ಎರಡನೆಯದು 20 ದಾಟಿದರೆ ಆ ಜಾಗ ಡೆಂಗಿಗೆ ತೆರೆದುಕೊಂಡಿದೆ ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಮೂರು ವಾರ ಮೊದಲೇ ಸಿಗುವ ಎಚ್ಚರಿಕೆ ಇದು. ಇದರಲ್ಲೂ ಒಂದು ಕೊರತೆಯಿದೆ: ಎರಡು ಮರಿಯಿರುವ ಎಳನೀರ ಬುರುಡೆಯೂ ಇನ್ನೂರು ಮರಿಯಿರುವ ಬ್ಯಾರಲ್ಲೂ ಈ ಲೆಕ್ಕದಲ್ಲಿ ಒಂದೊಂದೇ ಪಾತ್ರೆ. ಆದ್ದರಿಂದ ಯಾವ ಬಗೆಯ ಪಾತ್ರೆಯಲ್ಲಿ ಹೆಚ್ಚು ಸಿಕ್ಕಿತು ಎಂಬುದನ್ನೂ ಜೊತೆಗೆ ಹೇಳಬೇಕು. ಬೀಗ ಹಾಕಿದ ಮನೆ ಎಷ್ಟು, ಒಳಗೆ ಬಿಡದ ಅಪಾರ್ಟ್‌ಮೆಂಟು ಎಷ್ಟು ಎಂಬುದನ್ನೂ ಹೇಳಬೇಕು. ನೋಡದೆ ಬಿಟ್ಟ ತಾರಸಿಯನ್ನು ಶುದ್ಧ ಎಂದು ಬರೆದುಕೊಂಡ ಸಮೀಕ್ಷೆಗೆ ಬೆಲೆಯಿಲ್ಲ.

ಎರಡನೆಯದು, ನೀರಿನ ಪಾಳಿಯನ್ನು ಮೊದಲೇ ತಿಳಿಸಿ, ತಿಳಿಸಿದಂತೆ ಬಿಡಿ. ನಾಳೆ ನೀರು ಬರುವುದು ಖಾತ್ರಿಯಾದರೆ ಇಂದು ಬ್ಯಾರಲ್ಲು ಬರಿದು ಮಾಡಲು ಯಾರಿಗೂ ಅಂಜಿಕೆಯಿಲ್ಲ. ನೀರು ಸರಬರಾಜಿನವರೂ ಆರೋಗ್ಯದವರೂ ಒಂದೇ ಮೇಜಿನ ಸುತ್ತ ಕೂತು, ವಾಲ್ವ್ ತಿರುಗಿಸುವ ಹಿಂದಿನ ದಿನ ಆಶಾ ಕಾರ್ಯಕರ್ತೆ ಆ ಓಣಿಯಲ್ಲಿರುವಂತೆ ಪಟ್ಟಿ ಮಾಡುವುದಕ್ಕೆ ಹೊಸ ಅನುದಾನ ಬೇಕಿಲ್ಲ.

ಮನೆಯಲ್ಲಿ ಈಗಾಗಲೇ ಯಾರಿಗಾದರೂ ಜ್ವರ ಬಂದಿದ್ದರೆ ಒಂದು ಮಾತು. ಜ್ವರ ಹಿಡಿದ ಮೊದಲ ಐದು ದಿನ ರೋಗಿಯ ರಕ್ತದಲ್ಲಿ ವೈರಸ್ಸು ತುಂಬಿರುತ್ತದೆ. ಆಗ ಅವರನ್ನು ಕಚ್ಚಿದ ಸೊಳ್ಳೆಯೇ ಮುಂದಿನ ಸರಪಳಿಯ ಮೊದಲ ಕೊಂಡಿ. ಸೊಳ್ಳೆ ಪರದೆ ರಾತ್ರಿಗೆಂದು ನಾವು ತಿಳಿದಿದ್ದೇವೆ. ಡೆಂಗಿ ರೋಗಿಗೆ ಅದು ಬೇಕಾದ್ದು ಹಗಲಿನಲ್ಲಿ. ಮೈಕೈ ನೋವಿಗೆಂದು ಆಸ್ಪಿರಿನ್, ಐಬುಪ್ರೊಫೇನ್, ಡೈಕ್ಲೋಫಿನ್ಯಾಕ್ ನುಂಗಬಾರದು, ರಕ್ತಸ್ರಾವ ಹೆಚ್ಚಬಹುದು. ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಂಡು ವೈದ್ಯರಲ್ಲಿಗೆ ಹೋಗಬೇಕು. ಜ್ವರ ಇಳಿದ ಮೇಲೆ ಹೊಟ್ಟೆನೋವು, ವಾಂತಿ, ಸುಸ್ತು ಹೆಚ್ಚಾದರೆ ವಾಸಿಯಾಯಿತೆಂದು ಸುಮ್ಮನಿರದೆ ಅವತ್ತೇ ಆಸ್ಪತ್ರೆ ಸೇರಬೇಕು.

ಉಳಿದವರು ಈ ಪಾಳಿಯ ನೀರು ಬರುವ ಮುನ್ನಾದಿನ ಬ್ಯಾರಲ್ಲು ಬರಿದು ಮಾಡಿ ಉಜ್ಜಿ, ಪಕ್ಕದ ಮನೆಯವರನ್ನೂ ಕರೆದು ಹೇಳಿ. ರೋಹಿಣಿ ಮಳೆ ಮೇ 25ರ ಸುಮಾರಿಗೆ ಶುರುವಾಗುತ್ತದೆ. ಅದಕ್ಕೆ ಮೊದಲು ನಿಮ್ಮ ಓಣಿಗೆ ಒಂದೋ ಎರಡೋ ಪಾಳಿ ಸಿಕ್ಕೀತು, ಅಷ್ಟೇ.